ರಿಯಾಲ್ ನೋಟು, 84 ರೂಪಾಯಿ ಮತ್ತು ಅಜ್ಜನ 'ಏಳಕ್ಕ ಆರು'

ಮೊದಲು ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ.

2020ರ ಜನವರಿ. ಆನೆಗೊಂದಿ ಕಡೆ ಫೋಟೊ ತೆಗೆಯಲು ಬಂದಿದ್ದ ಒಬ್ಬ ವಿದೇಶಿಯರ ಜೊತೆ ಎರಡು ದಿನ ಓಡಾಡಿ, ಊರವರ ಮಾತನ್ನು ಅವರಿಗೆ ಅರ್ಥ ಮಾಡಿಸುವ ಕೆಲಸ ಮಾಡಿದ್ದೆ. ಹೋಗುವಾಗ ಅವರು ಕೈಗೆ 100 ಯೂರೋದ ನೋಟು ಕೊಟ್ಟರು. ಜಿಲ್ಲಾ ಸ್ಟ್ರಿಂಗರ್‌ಗೆ ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಬರುವ ದುಡ್ಡು ಎಷ್ಟು ಅನ್ನುವುದು ನಿಮಗೂ ಗೊತ್ತು. ನನಗೆ ಅದು ದೊಡ್ಡ ನೋಟು. ಅದೇ ಸಂಜೆ ನೋಟು ಬದಲಿಸುವ ಒಂದು ಸಣ್ಣ ಅಂಗಡಿಗೆ ಹೋದೆ. "ಯೂರೋಕ್ಕ 72" ಅಂದರು. 7,200 ರೂಪಾಯಿ ಎಣಿಸಿಕೊಂಡು, ಧನ್ಯವಾದ ಬೇರೆ ಹೇಳಿ ಬಂದೆ.

ಎಷ್ಟೋ ತಿಂಗಳ ನಂತರ ಬೇರೆ ಯಾವುದೋ ವರದಿಗಾಗಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಹಳೇ ದರಗಳನ್ನು ನೋಡುತ್ತಿದ್ದೆ. ಆ ಜನವರಿಯಲ್ಲಿ ಯೂರೋ 79 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ ನೂರು ಯೂರೋಕ್ಕೆ ಸುಮಾರು 700 ರೂಪಾಯಿ ಆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಉಳಿದಿತ್ತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟನ್ನು ಮೂರು ಕಡೆ ಕೇಳಿ ಬರೆಯುವವನು ನನ್ನ ಸ್ವಂತ ನೋಟಿನ ರೇಟನ್ನು ಒಂದು ಕಡೆಯೂ ಕೇಳಿರಲಿಲ್ಲ.

ಈ ಬರಹ ಅದರ ಬಗ್ಗೆ ಅಲ್ಲ. ಅದಾದ ಮೇಲೆ ನಮ್ಮ ಸೋದರಮಾವನ ಮಗನ ಬಗ್ಗೆ.

ಕರ್ಚೀಫಿನಲ್ಲಿ ಕಟ್ಟಿದ ಎರಡು ಸಾವಿರ

ಅವನು ಸೌದಿಯಲ್ಲಿ ಆರು ವರ್ಷ ಎಲೆಕ್ಟ್ರೀಷಿಯನ್ ಆಗಿದ್ದ. ಕೆಲಸ ಮುಗಿಸಿ ಕುಷ್ಟಗಿ ತಾಲ್ಲೂಕಿನ ನಮ್ಮ ಮಾವನ ಊರಿಗೆ ಕಾಯಂ ಆಗಿ ಬಂದಿದ್ದ. ದುಡಿದದ್ದನ್ನೆಲ್ಲ ಆಗಾಗ ಬ್ಯಾಂಕ್ ಮೂಲಕ ಕಳಿಸಿದ್ದ. ಕೊನೆ ತಿಂಗಳ ದುಡ್ಡು ಮಾತ್ರ ನೋಟಿನಲ್ಲೇ ಉಳಿದಿತ್ತು. 2,000 ರಿಯಾಲ್. ಅದನ್ನು ಒಂದು ಕರ್ಚೀಫಿನಲ್ಲಿ ಕಟ್ಟಿ ಅಲ್ಮಾರಿಯಲ್ಲಿ ಇಟ್ಟಿದ್ದ.

2024ರ ಅಕ್ಟೋಬರ್. ದಸರಾ ಆಗಿತ್ತು. ದಾಳಿಂಬೆ ತೋಟದ ಬೋರ್‌ವೆಲ್ ಮೋಟಾರು ಸುಟ್ಟಿತು. ಕುಷ್ಟಗಿ ಕಡೆ ದಾಳಿಂಬೆ ಹಾಕಿದವರಿಗೆ ಹೇಳಬೇಕಿಲ್ಲ, ಕಾಯಿ ಇರುವಾಗ ನೀರು ನಿಂತರೆ ಏನಾಗುತ್ತದೆ ಅಂತ. ಮೋಟಾರು ಎತ್ತಿಸಬೇಕು, ವೈಂಡಿಂಗ್ ಮಾಡಿಸಬೇಕು, ಕೇಬಲ್ ಬದಲಿಸಬೇಕು. ಕೈಯಲ್ಲಿ ರೂಪಾಯಿ ಇರಲಿಲ್ಲ, ರಿಯಾಲ್ ಇತ್ತು.

ಯಾರೋ ಪರಿಚಯದವರು ಗಂಗಾವತಿಯ ಒಂದು ಮೊಬೈಲ್ ಅಂಗಡಿ ತೋರಿಸಿದರು. "ಅಲ್ಲಿ ಕೈಗೆ ಕೈ, ಚೀಟಿ ಗೀಟಿ ಏನೂ ಇಲ್ಲ." ಅವನು ಹೋದ. ಹೋಗುವಾಗ ಅದೃಷ್ಟಕ್ಕೆ ನನಗೊಂದು ಫೋನ್ ಮಾಡಿದ. ನಾನು ಅವತ್ತು ಗಂಗಾವತಿಯಲ್ಲೇ ಭತ್ತದ ಸುದ್ದಿಯ ಮೇಲೆ ಇದ್ದೆ. ಇಬ್ಬರೂ ಸೇರಿ ಅಂಗಡಿ ಮುಂದೆ ನಿಂತೆವು.

"ಇವತ್ತಿನ ರೇಟ್ ಇಪ್ಪತ್ತೂವರಿ ಐತ್ರಿ ಸರ" ಅಂದ ಅಂಗಡಿಯವ. "ಬೇಕಾದ್ರ ಕೊಡ್ರಿ. ನಾಳೆ ಇನ್ನೂ ಬೀಳತೈತಿ."

ಮಾವನ ಮಗ ಕರ್ಚೀಫಿನ ಗಂಟು ಬಿಚ್ಚಲು ಶುರು ಮಾಡಿದ್ದ. ನಾನು ಅವನ ಕೈ ಹಿಡಿದೆ. "ಒಂದು ಐದು ನಿಮಿಷ ತಡಿ ತಮ್ಮಾ. ಚಾ ಕುಡದು ಬರೋಣ."

ಚಹಾದಂಗಡಿಯ ಲೆಕ್ಕ

ಚಹಾ ಬರುವಷ್ಟರಲ್ಲಿ ಫೋನ್ ತೆಗೆದು ರಿಸರ್ವ್ ಬ್ಯಾಂಕಿನ rbi.org.in ತೆರೆದೆ. ಅಲ್ಲಿ Exchange Rates ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ. ಡಾಲರ್, ಪೌಂಡ್, ಯೂರೋ, ಜಪಾನಿನ ಯೆನ್ ಒಂದೊಂದಕ್ಕೂ ಎಷ್ಟು ರೂಪಾಯಿ ಅಂತ ಇರುತ್ತದೆ. ಯೆನ್ ಮಾತ್ರ ನೂರಕ್ಕೆ ಎಷ್ಟು ಅಂತ ಇರುತ್ತದೆ, ಅದನ್ನು ನೋಡಿ ಗಾಬರಿ ಆಗಬೇಡಿ. ಇದಕ್ಕೆ ರೆಫರೆನ್ಸ್ ರೇಟ್ ಅನ್ನುತ್ತಾರೆ, ಅಂದರೆ ಹೋಲಿಸಿ ನೋಡಲು ಇಟ್ಟ ದರ.

ಈ ದರವನ್ನು ಮೊದಲು ರಿಸರ್ವ್ ಬ್ಯಾಂಕೇ ಲೆಕ್ಕ ಹಾಕುತ್ತಿತ್ತು. 2018ರ ಜುಲೈನಿಂದ ಎಫ್‌ಬಿಐಎಲ್ ಅನ್ನುವ ಸಂಸ್ಥೆ ಲೆಕ್ಕ ಹಾಕುತ್ತದೆ. ಅದರ ಪುಟ fbil.org.in. ಬೆಳಿಗ್ಗೆ ಹನ್ನೊಂದೂವರೆಯಿಂದ ಹನ್ನೆರಡೂವರೆಯ ನಡುವೆ ಬ್ಯಾಂಕುಗಳು ತಮ್ಮತಮ್ಮಲ್ಲಿ ನಿಜವಾಗಿ ಡಾಲರ್ ಕೊಂಡು ಮಾರಿದ ವ್ಯವಹಾರಗಳನ್ನು ನೋಡಿ, ಮಧ್ಯಾಹ್ನ ಒಂದೂವರೆ ಸುಮಾರಿಗೆ ಆ ದಿನದ ದರ ಹೊರಗೆ ಬಿಡುತ್ತಾರೆ. ಹಾಗಾಗಿ ಬೆಳಿಗ್ಗೆ ನೋಡಿದರೆ ಸಿಗುವುದು ಹಿಂದಿನ ದಿನದ್ದು. ಶನಿವಾರ, ಭಾನುವಾರ ನೋಡಿದರೆ ಶುಕ್ರವಾರದ್ದು. ತೊಂದರೆ ಇಲ್ಲ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಅವತ್ತು ಡಾಲರ್ 84 ರೂಪಾಯಿ ಚಿಲ್ಲರೆ ಇತ್ತು. ಲೆಕ್ಕ ತಿಳಿಯಾಗಲಿ ಅಂತ ಪೈಸೆ ಬಿಟ್ಟು 84 ಅಂತಲೇ ಇಟ್ಟುಕೊಳ್ಳೋಣ. ನೀವು ಓದುವ ದಿನ ಬೇರೆ ಇರುತ್ತದೆ, ಆ ದಿನದ್ದನ್ನೇ ಹಾಕಿಕೊಳ್ಳಿ.

"ಅಣ್ಣಾ, ಇದರಾಗ ರಿಯಾಲೇ ಇಲ್ಲಲ್ಲ?" ಅಂದ ಮಾವನ ಮಗ.

ಆ ಪಟ್ಟಿಯಲ್ಲಿ ರಿಯಾಲ್ ಇರಲಿಲ್ಲ. ನಮ್ಮ ಕಡೆಯವರು ಹೆಚ್ಚಾಗಿ ತರುವ ನೋಟನ್ನು ಆ ಪಟ್ಟಿಯಲ್ಲಿ ಹುಡುಕಿ ಸೋತು, ಅಂಗಡಿಯವ ಹೇಳಿದ್ದೇ ದರ ಅಂತ ಒಪ್ಪಿಕೊಳ್ಳುವವರು ಬಹಳ. ಆದರೆ ಇದಕ್ಕೊಂದು ಸುಲಭದ ದಾರಿ ಇದೆ. ಸೌದಿ ಸರ್ಕಾರ ತನ್ನ ರಿಯಾಲನ್ನು ಡಾಲರ್‌ಗೆ ಗೂಟಕ್ಕೆ ಕಟ್ಟಿದ ಹಾಗೆ ಕಟ್ಟಿಟ್ಟಿದೆ. ಒಂದು ಡಾಲರ್‌ಗೆ 3.75 ರಿಯಾಲ್. 1986ರಿಂದ ಇದೇ ಲೆಕ್ಕ. ದುಬೈ, ಅಬುಧಾಬಿಯ ದಿರ್ಹಮ್ ಕೂಡ ಹೀಗೇ, ಡಾಲರ್‌ಗೆ 3.6725. ಕತಾರಿನ ರಿಯಾಲ್ 3.64. ಕುವೈತ್ ದಿನಾರ್ ಮಾತ್ರ ಹೀಗೆ ಒಂದೇ ಡಾಲರ್‌ಗೆ ಕಟ್ಟಿದ್ದಲ್ಲ, ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ.

ಅಂದರೆ ಡಾಲರಿನ ದರ ಗೊತ್ತಾದರೆ ರಿಯಾಲಿನದೂ ಗೊತ್ತಾದಂತೆ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದೆ:

```
84 ÷ 3.75 = 22.40
```

ಒಂದು ರಿಯಾಲ್‌ಗೆ 22 ರೂಪಾಯಿ 40 ಪೈಸೆ. ಅವತ್ತೇ ಯಾರಾದರೂ ದಿರ್ಹಮ್ ತಂದಿದ್ದರೆ 84ನ್ನು 3.6725ರಿಂದ ಭಾಗಿಸಿ 22 ರೂಪಾಯಿ 87 ಪೈಸೆ ಬರುತ್ತಿತ್ತು.

ಎರಡು ಸಾವಿರ ರಿಯಾಲ್‌ಗೆ 22.40ರ ಲೆಕ್ಕದಲ್ಲಿ 44,800. ಅಂಗಡಿಯವ ಹೇಳಿದ 20.50ರ ಲೆಕ್ಕದಲ್ಲಿ 41,000. ನಡುವೆ 3,800 ರೂಪಾಯಿ. ಮಾವನ ಮಗ ಚಹಾ ಲೋಟ ಕೆಳಗಿಟ್ಟ. "ಕೇಬಲ್ಲಿನ ರೊಕ್ಕ ಇಲ್ಲೇ ಹೋತಲ್ಲೋ ಅಣ್ಣಾ" ಅಂದ.

ಪೂರಾ 22.40 ಯಾರೂ ಕೊಡುವುದಿಲ್ಲ

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು. ಯಾಕಂದರೆ ಇದನ್ನು ತಿಳಿಯದೆ ಹೋಗಿ ಅಂಗಡಿಯವರ ಜೊತೆ ಜಗಳ ಆಡಿದವರನ್ನೂ ನೋಡಿದ್ದೇನೆ.

ರೆಫರೆನ್ಸ್ ರೇಟ್ ಬ್ಯಾಂಕು ಬ್ಯಾಂಕಿನ ನಡುವಿನ ಸಗಟು ದರ. ಅದು ಖಾತೆಯಿಂದ ಖಾತೆಗೆ ಹೋಗುವ ದುಡ್ಡಿನ ಬೆಲೆ, ಕಾಗದದ ನೋಟಿನದಲ್ಲ. ನೋಟನ್ನು ಯಾರೋ ಕೊಳ್ಳಬೇಕು, ಖರೆಯೋ ಖೋಟಾವೋ ನೋಡಬೇಕು, ತಿಜೋರಿಯಲ್ಲಿ ಇಡಬೇಕು, ಅದಕ್ಕೆ ಗಿರಾಕಿ ಬರುವವರೆಗೆ ಕಾಯಬೇಕು, ಇಲ್ಲವೇ ದೊಡ್ಡ ಊರಿನ ದೊಡ್ಡ ವ್ಯಾಪಾರಿಗೆ ಕಳಿಸಬೇಕು. ಕಾಯುವಾಗ ಬೆಲೆ ಇಳಿದರೆ ನಷ್ಟ ಅವರದೇ. ಈ ಖರ್ಚಿಗೆ, ಲಾಭಕ್ಕೆ ಅವರು ದರದಲ್ಲೇ ಸ್ವಲ್ಪ ಮುರಿದುಕೊಳ್ಳುತ್ತಾರೆ. ಹೊಲದ ಟೊಮೆಟೊ ದರಕ್ಕೂ ಸಂತೆಯ ಟೊಮೆಟೊ ದರಕ್ಕೂ ಇರುವ ವ್ಯತ್ಯಾಸದ ಹಾಗೆಯೇ ಇದು.

ಇಷ್ಟೇ ಮುರಿದುಕೊಳ್ಳಬೇಕು ಅಂತ ಸರ್ಕಾರ ಮಿತಿ ಹಾಕಿಲ್ಲ. ನೋಟು ಬದಲಿಸುವವರು ಮಾರುಕಟ್ಟೆ ನೋಡಿ ದರ ಇಡಬಹುದು ಅಂತಲೇ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ನೀವು ಯಾಕೆ 22.40 ಕೊಡುವುದಿಲ್ಲ" ಅಂತಲ್ಲ. "ನೂರಕ್ಕೆ ಎಷ್ಟು ಮುರಿಯುತ್ತಿದ್ದೀರಿ" ಅಂತ.

ಅದರ ಲೆಕ್ಕ ಹೀಗೆ. ಎರಡು ದರದ ನಡುವಿನ ಅಂತರವನ್ನು ರೆಫರೆನ್ಸ್ ದರದಿಂದ ಭಾಗಿಸಿ, ನೂರರಿಂದ ಗುಣಿಸಿ.

```
22.40 − 20.50 = 1.90
1.90 ÷ 22.40 × 100 = 8.48
```

ನೂರಕ್ಕೆ ಎಂಟೂವರೆ. ನನ್ನ ಕೈಲೆಕ್ಕ ಹೇಳುತ್ತೇನೆ, ಇದು ಕಾನೂನಲ್ಲ, ನಾಲ್ಕಾರು ಕಡೆ ಕೇಳಿ ನಾನೇ ಇಟ್ಟುಕೊಂಡದ್ದು. ಡಾಲರ್, ರಿಯಾಲ್, ದಿರ್ಹಮ್‌ನಂಥ ಓಡುವ ನೋಟಿಗೆ ನೂರಕ್ಕೆ ಎರಡು ಮೂರು ಮುರಿದರೆ ಸುಮ್ಮನೆ ಕೊಡುತ್ತೇನೆ. ಐದರ ಹತ್ತಿರ ಹೋದರೆ ಇನ್ನೊಂದು ಕಡೆ ಕೇಳುತ್ತೇನೆ. ಎಂಟು ಅಂದರೆ ನೋಟು ಜೇಬಿಗೆ ವಾಪಸ್.

"ನಾಳೆ ಇನ್ನೂ ಬೀಳತೈತಿ" ಅನ್ನುವ ಮಾತನ್ನೂ ಇದೇ ಲೆಕ್ಕದಲ್ಲಿ ತೂಗಿ ನೋಡಿ. ಡಾಲರ್ ಹತ್ತು ಪೈಸೆ ಇಳಿದರೆ ರಿಯಾಲ್ ಇಳಿಯುವುದು ಮೂರು ಪೈಸೆಗಿಂತ ಕಡಿಮೆ. ಅಂಗಡಿಯವ ಮುರಿದದ್ದು 190 ಪೈಸೆ. ನಾಳೆಯ ಮೂರು ಪೈಸೆಗೆ ಹೆದರಿ ಇವತ್ತಿನ 190 ಪೈಸೆ ಬಿಟ್ಟುಕೊಡುವುದೇ?

ಅಜ್ಜನ ಲೆಕ್ಕ

ಚಹಾದಂಗಡಿಯಲ್ಲಿ ಕೂತಿದ್ದಾಗ ನನಗೆ ನಮ್ಮ ಅಜ್ಜ ನೆನಪಾದ. ಯಲಬುರ್ಗಾ ತಾಲ್ಲೂಕಿನವನು. ಅವನ ಕಾಲಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮನದು ಬೇರೆಯೇ ರೂಪಾಯಿ, ಹಾಲಿ ಸಿಕ್ಕಾ ಅನ್ನುತ್ತಿದ್ದರು. ಗಡಿ ದಾಟಿದರೆ ಒಂದು ಕಡೆ ಮುಂಬೈ ಪ್ರಾಂತ್ಯದ ಗಜೇಂದ್ರಗಡ, ಗದಗ. ಇನ್ನೊಂದು ಕಡೆ ಹೊಳೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಹೊಸಪೇಟೆ. ಅಲ್ಲಿ ಇಂಗ್ಲಿಷರ ಕಲ್ದಾರ ರೂಪಾಯಿ.

ಸಂತೆಗೆ ಹೋಗಬೇಕಾದರೂ ದುಡ್ಡು ಬದಲಿಸಬೇಕಿತ್ತು. ಸರ್ಕಾರಿ ಲೆಕ್ಕ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಅಂತ ಕಾಗದದಲ್ಲಿ ಬರೆಯುತ್ತಿದ್ದರು. ಶಾಲೆ ಕಾಣದ ಅಜ್ಜನಿಗೆ ಆ ಆಣೆ ಪೈ ಬೇಕಿರಲಿಲ್ಲ. ಅವನು "ಏಳಕ್ಕ ಆರು" ಅಂತ ಬಾಯಿಪಾಠ ಮಾಡಿಕೊಂಡಿದ್ದ. 70 ಹಾಲಿ ಕೊಟ್ಟರೆ 60 ಕಲ್ದಾರ ಬರಬೇಕು. ಸಾಹುಕಾರ 57 ಎಣಿಸಿದರೆ ಮೂರು ರೂಪಾಯಿ ಎಲ್ಲಿಗೆ ಹೋಯಿತು ಅಂತ ನಿಂತಲ್ಲೇ ಗೊತ್ತಾಗುತ್ತಿತ್ತು. 58 ಕೊಟ್ಟರೆ ತೊಗೊಂಡು ಬರುತ್ತಿದ್ದೆ, 57 ಕೊಟ್ಟರೆ ಮುಂದಿನ ಅಂಗಡಿಗೆ ಹೋಗುತ್ತಿದ್ದೆ ಅನ್ನುತ್ತಿದ್ದ.

ಅಜ್ಜನ ಆ ಹಾಲಿ ದುಡ್ಡು 1950ರ ದಶಕದಲ್ಲಿ ಮುಗಿದುಹೋಯಿತು. ನನಗೆ ಉಳಿದದ್ದು ಅವನ ಪದ್ಧತಿ. ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಒಂದು ಅಂಕಿ ತಲೆಯಲ್ಲಿ ಇರಬೇಕು. ಅವನಿಗೆ ಏಳಕ್ಕ ಆರು. ನಮಗೆ ಡಾಲರ್ ದರ ಭಾಗಿಸು 3.75.

ಹುಬ್ಬಳ್ಳಿಗೆ ಒಂದು ಫೋನ್

ಮೊಬೈಲ್ ಅಂಗಡಿಗೆ ನಾವು ವಾಪಸ್ ಹೋಗಲಿಲ್ಲ. ಅದಕ್ಕೆ ದರ ಒಂದೇ ಕಾರಣವಲ್ಲ. ವಿದೇಶಿ ನೋಟು ಕೊಳ್ಳಲು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಬೇಕು, ಇಲ್ಲವೇ ಲೈಸೆನ್ಸ್ ಇದ್ದವರ ಏಜೆಂಟ್ ಆಗಿರಬೇಕು. ಲೈಸೆನ್ಸ್ ಇಲ್ಲದವನಿಗೆ ಮಾರಿದರೆ ಫೆಮಾ ಕಾನೂನಿನ ಪ್ರಕಾರ ಕೊಂಡವನ ತಪ್ಪಷ್ಟೇ ಅಲ್ಲ, ಮಾರಿದವನದೂ ತಪ್ಪು. ಚೀಟಿ ಇಲ್ಲದ್ದರಿಂದ ಅವನು ಕೊಟ್ಟ ರೂಪಾಯಿಯಲ್ಲಿ ಖೋಟಾ ನೋಟು ಇದ್ದರೂ ಕೇಳುವ ಹಾಗಿಲ್ಲ. "ಚೀಟಿ ಗೀಟಿ ಏನೂ ಇಲ್ಲ" ಅನ್ನುವುದು ಸೌಕರ್ಯ ಅಲ್ಲ, ಅದೇ ಎಚ್ಚರಿಕೆಯ ಗಂಟೆ. ಲೈಸೆನ್ಸ್ ಇದ್ದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲೇ ಇದೆ. ಹೆಸರು ಹಾಕಿ ನೋಡಬಹುದು.

ಆ ಪಟ್ಟಿಯಿಂದ ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್ ಮಾಡಿದೆ. ಎರಡು ಪ್ರಶ್ನೆ ಕೇಳಿದೆ. ರಿಯಾಲ್ ನಾವು ಕೊಟ್ಟರೆ ಎಷ್ಟು ಕೊಡುತ್ತೀರಿ? ನಮಗೇ ರಿಯಾಲ್ ಬೇಕಾದರೆ ಎಷ್ಟು ತೊಗೊಳ್ಳುತ್ತೀರಿ?

"ನೀವು ಕೊಟ್ರ 21.80. ನಿಮಗ ಬೇಕಾದ್ರ 23.10 ರಿ" ಅಂದರು.

ಎರಡನೇ ಪ್ರಶ್ನೆ ಯಾಕೆ ಅಂತ ಮಾವನ ಮಗ ಕೇಳಿದ. ಅವನಿಗೆ ಕೊಳ್ಳುವುದಿರಲಿಲ್ಲ. ಆದರೆ ಎರಡೂ ದರ ಗೊತ್ತಾದರೆ ನೆಟ್ ಇಲ್ಲದಿದ್ದರೂ ಅಂಗಡಿಯನ್ನು ಪರೀಕ್ಷೆ ಮಾಡಬಹುದು. 21.80 ಮತ್ತು 23.10 ಕೂಡಿಸಿ ಅರ್ಧ ಮಾಡಿದರೆ 22.45. ನಮ್ಮ ರೆಫರೆನ್ಸ್ ಲೆಕ್ಕ 22.40. ಹತ್ತಿರ ಹತ್ತಿರ ನಡುವಿಗೇ ಬಂತು. ಅಂದರೆ ಈ ಅಂಗಡಿ ಎರಡೂ ಕಡೆಯವರಿಂದ ಹೆಚ್ಚುಕಡಿಮೆ ಸಮನಾಗಿ ಮುರಿಯುತ್ತಿದೆ, ನೋಟು ಕೊಡಲು ಬಂದವರನ್ನು ಮಾತ್ರ ಹಿಂಡುತ್ತಿಲ್ಲ. ಲೈಸೆನ್ಸ್ ಇದ್ದ ಅಂಗಡಿಯವರು ಈ ದರದ ಪಟ್ಟಿಯನ್ನು ಕೌಂಟರಿನಲ್ಲಿ ಎದ್ದು ಕಾಣುವಂತೆ ಹಾಕಬೇಕು, ದಿನಾ ಬೆಳಿಗ್ಗೆ ಹತ್ತೂವರೆಯೊಳಗೆ ಹೊಸದು ಮಾಡಬೇಕು ಅಂತ ನಿಯಮವೇ ಇದೆ. ಬೋರ್ಡಿನಲ್ಲಿ ಎರಡು ಸಾಲು ಇರುತ್ತವೆ, ಬೈ ಮತ್ತು ಸೆಲ್. ಕೊಳ್ಳುವವರು ಮಾರುವವರು ಅಂಗಡಿಯವರೇ. ನಾವು ನೋಟು ಕೊಡುವಾಗ ಅವರು ಕೊಳ್ಳುತ್ತಾರೆ, ಆದ್ದರಿಂದ ನಮ್ಮದು ಬೈ ಸಾಲು, ಕಡಿಮೆ ಇರುವ ಅಂಕಿ. ಸೆಲ್ ಅಂಕಿ ನೋಡಿ ಆಸೆಪಟ್ಟು ಹೋಗಬೇಡಿ.

ಕೈಗೆ ಬಂದದ್ದೆಷ್ಟು?

ಮರುದಿನ ಬೆಳಿಗ್ಗೆ ಕುಷ್ಟಗಿಯಿಂದ ಹುಬ್ಬಳ್ಳಿ ಬಸ್ಸು ಹಿಡಿದೆವು. ಪಾಸ್‌ಪೋರ್ಟ್ ತರಲು ಹೇಳಿದ್ದರು, ತಂದಿದ್ದ. ಬೋರ್ಡಿನಲ್ಲಿ ರಿಯಾಲ್ ಬೈ 21.80 ಅಂತಲೇ ಇತ್ತು.

ಇಲ್ಲಿ ಇನ್ನೊಂದು ಕಡೆ ಕಾಲು ಜಾರುವ ಜಾಗ ಇದೆ. ಬೋರ್ಡಿನ ದರ ಚೆನ್ನಾಗಿ ಇಟ್ಟು, ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್, ಕಮಿಷನ್, ಟ್ಯಾಕ್ಸ್ ಅಂತ ಸಾಲು ಸಾಲಾಗಿ ಮುರಿಯುವವರು ಇರುತ್ತಾರೆ. ಆದ್ದರಿಂದ ನೋಟು ಕೊಡುವ ಮೊದಲೇ ಒಂದೇ ಮಾತು ಕೇಳಿ: "ಎಲ್ಲಾ ಕಳದು ಕೈಗೆ ಎಷ್ಟು ಬರತೈತಿ?"

ಟ್ಯಾಕ್ಸ್ ಇರುವುದು ನಿಜ. ನೋಟು ಬದಲಿಸುವ ಸೇವೆಗೆ ಶೇಕಡಾ 18 ಜಿಎಸ್‌ಟಿ ಇದೆ. ಆದರೆ ಅದು ಇಡೀ ಮೊತ್ತದ ಮೇಲಲ್ಲ. ಸೇವೆಯ ಬೆಲೆ ಇಷ್ಟು ಅಂತ ಒಂದು ಸಣ್ಣ ಭಾಗವನ್ನು ಲೆಕ್ಕ ಹಾಕಿ, ಆ ಭಾಗದ ಮೇಲೆ 18. ಆ ಭಾಗವನ್ನು ಲೆಕ್ಕ ಹಾಕಲು ಜಿಎಸ್‌ಟಿ ನಿಯಮದಲ್ಲಿ ಎರಡು ದಾರಿ ಇವೆ. ಒಂದು ದಾರಿಯಲ್ಲಿ ಅಂಗಡಿಯವರ ದರಕ್ಕೂ ರಿಸರ್ವ್ ಬ್ಯಾಂಕಿನ ರೆಫರೆನ್ಸ್ ದರಕ್ಕೂ ಇರುವ ಅಂತರವೇ ಸೇವೆಯ ಬೆಲೆ. ನೋಡಿ, ನಾವು ಚಹಾದಂಗಡಿಯಲ್ಲಿ ಮಾಡಿದ ಲೆಕ್ಕವನ್ನೇ ಸರ್ಕಾರವೂ ಮಾಡುತ್ತದೆ. ಇನ್ನೊಂದು ದಾರಿಯಲ್ಲಿ, ಒಂದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಮೊತ್ತದ ನೂರಕ್ಕೆ ಒಂದು ಭಾಗ, ಆದರೆ ಕನಿಷ್ಠ 250 ರೂಪಾಯಿ. ನಮ್ಮ ಅಂಗಡಿಯವರು ಎರಡನೆಯದನ್ನು ಹಿಡಿದಿದ್ದರು.

2,000 ರಿಯಾಲ್, 21.80ರಂತೆ 43,600 ರೂಪಾಯಿ. ಅದರ ನೂರಕ್ಕೆ ಒಂದು ಅಂದರೆ 436. ಅದರ ಮೇಲೆ 18ರಂತೆ 78 ರೂಪಾಯಿ ಚಿಲ್ಲರೆ. ಬೇರೆ ಕಮಿಷನ್ ಇಲ್ಲ. ಕೈಗೆ ಬಂದದ್ದು 43,522. ಯಾರಾದರೂ 43,600ರ ಮೇಲೆಯೇ 18 ಅಂತ ಏಳೆಂಟು ಸಾವಿರ ಟ್ಯಾಕ್ಸ್ ತೋರಿಸಿದರೆ ಅದು ಟ್ಯಾಕ್ಸ್ ಅಲ್ಲ, ಎದ್ದು ಬನ್ನಿ.

ಈಗ ಕೊನೆಯ ಲೆಕ್ಕ. ಕೈಗೆ ಬಂದ ರೂಪಾಯಿಯನ್ನು ಕೊಟ್ಟ ರಿಯಾಲಿನಿಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ. 43,522 ಭಾಗಿಸು 2,000, ಅಂದರೆ 21 ರೂಪಾಯಿ 76 ಪೈಸೆ. ಎಲ್ಲ ಸೇರಿ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಕಡಿಮೆ ಮುರಿದಿತ್ತು. ಗಂಗಾವತಿಯ 41,000ಕ್ಕಿಂತ 2,522 ಹೆಚ್ಚು. ಇಬ್ಬರ ಬಸ್ಸು, ಊಟ ತೆಗೆದರೂ ಕೇಬಲ್ಲಿನ ಖರ್ಚಿಗೆ ಒಳ್ಳೆ ಆಸರೆ ಆಯಿತು.

ನಗದಾಗಿ ಕೊಟ್ಟರು. ಊರಲ್ಲೇ ಇರುವವರಿಗೆ ಒಂದು ಸಲಕ್ಕೆ 1,000 ಡಾಲರ್ ಬೆಲೆಯಷ್ಟು ನೋಟಿಗೆ ನಗದು ಕೊಡಬಹುದು, ಅದಕ್ಕೂ ಮೇಲಾದರೆ ಚೆಕ್ಕು ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ನಮ್ಮ 2,000 ರಿಯಾಲ್ ಅಂದರೆ ಸುಮಾರು 533 ಡಾಲರ್, ಮಿತಿಯೊಳಗೇ ಇತ್ತು. ನೋಟು ಬದಲಿಸಿದ್ದಕ್ಕೆ ಸಹಿ ಇರುವ ಸರ್ಟಿಫಿಕೇಟ್ ಕೇಳಿ ಇಸಕೊಂಡೆವು. ಅದರಲ್ಲಿ ಎಷ್ಟು ರಿಯಾಲ್, ಯಾವ ದರ, ಎಷ್ಟು ರೂಪಾಯಿ ಎಲ್ಲ ಇತ್ತು. ಕೌಂಟರ್ ಬಿಡುವ ಮೊದಲೇ ಆ ಮೂರು ಅಂಕಿಯನ್ನು ಗುಣಿಸಿ ನೋಡಿದೆವು.

ನೋಟು ಸ್ವಲ್ಪವೇ ಇದ್ದರೆ?

ಬರುವಾಗ ಬಸ್ಸಿನಲ್ಲಿ ಮಾವನ ಮಗ ಒಳ್ಳೆ ಪ್ರಶ್ನೆ ಕೇಳಿದ. "ಅಣ್ಣಾ, ನನ್ನ ಕಡೆ ಎರಡು ಸಾವಿರ ಇತ್ತು, ಬಂದ್ವಿ. ಇನ್ನೂರೇ ಇದ್ದವ ಏನ ಮಾಡ್ಬೇಕು?"

ಲೆಕ್ಕ ಮಾಡಿದೆವು. 200 ರಿಯಾಲ್‌ಗೆ 20.50ರಂತೆ 4,100. 21.80ರಂತೆ 4,360. ವ್ಯತ್ಯಾಸ 260. ಸೇವೆಯ ಬೆಲೆ ಕನಿಷ್ಠ 250 ಅಂತ ಹಿಡಿದು ಅದರ ಮೇಲೆ 18ರಂತೆ 45 ರೂಪಾಯಿ ಜಿಎಸ್‌ಟಿ. ಉಳಿದದ್ದು 215. ಕುಷ್ಟಗಿಯಿಂದ ಹುಬ್ಬಳ್ಳಿಗೆ ಹೋಗಿ ಬರುವ ಖರ್ಚು, ಒಂದು ದಿನದ ಕೂಲಿ ಸೇರಿಸಿದರೆ ಇದಕ್ಕಾಗಿಯೇ ಹೋಗುವುದು ದಂಡ.

ಹಾಗಂತ ಚೀಟಿ ಇಲ್ಲದವನ ಕೈಗೆ ಕೊಡಬೇಕಿಲ್ಲ. ಮೊದಲು ಹತ್ತಿರದ ಬ್ಯಾಂಕಿನ ಶಾಖೆಯಲ್ಲಿ ಕೇಳಿ, ಕೆಲವು ಶಾಖೆಗಳು ಮಾತ್ರ ವಿದೇಶಿ ನೋಟು ತೊಗೊಳ್ಳುತ್ತವೆ. ಅದೂ ಆಗದಿದ್ದರೆ ಕಾಯಿರಿ. ಊರಲ್ಲಿ ಇರುವವರು 2,000 ಡಾಲರ್ ಬೆಲೆಯವರೆಗಿನ ವಿದೇಶಿ ನೋಟು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬಂದ 180 ದಿನದೊಳಗೆ ಬದಲಿಸಬೇಕು. ಆಸ್ಪತ್ರೆಗೋ ಮದುವೆಗೋ ಹುಬ್ಬಳ್ಳಿಗೆ ಹೋಗುವುದು ಬಂದೇ ಬರುತ್ತದೆ. ಅವತ್ತು ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡರೆ ಆಯಿತು. ಚಿಲ್ಲರೆ ನಾಣ್ಯಗಳನ್ನು ಮಾತ್ರ ಅಲ್ಲೇ ಖರ್ಚು ಮಾಡಿ ಬನ್ನಿ, ನಾಣ್ಯ ಕೊಳ್ಳುವವರು ಇಲ್ಲಿ ಸಿಗುವುದು ಕಷ್ಟ.

ಮೂರು ದಿನಕ್ಕೆ ಮೋಟಾರು ಮತ್ತೆ ಬೋರಿಗಿಳಿಯಿತು. ನೀರು ಬಂದ ದಿನ ಮಾವ ಫೋನ್ ಮಾಡಿದ. ನಾನು ಅಜ್ಜನ ಮಾತು ತೆಗೆದೆ. ಮಾವನಿಗೂ ಆ ಲೆಕ್ಕ ನೆನಪಿತ್ತು. ಪಕ್ಕದಲ್ಲಿ ಮಗ ಏನೋ ಹೇಳಿದ್ದು ಕೇಳಿಸಿತು. "ಏನಂತಾನ ಮಾವಾ?" ಅಂದೆ.

"ಪಂಪ್‌ಸೆಟ್ ಮನಿ ಗ್ವಾಡಿ ಮ್ಯಾಲೆ ಇದ್ದಲಿಲೆ ಏನೋ ಬರದಾನಪಾ. ಅಮಾಸಿ ಲೆಕ್ಕಾನೋ, ಮೋಟಾರಿನ ಲೆಕ್ಕಾನೋ, ನನಗ ತಿಳಿವಲ್ದು. ಮೂರು ಚುಕ್ಕಿ ಎಪ್ಪತ್ತೈದು ಅಂತ ಐತಿ."

ಅವನ ಸೌದಿಯ ಗೆಳೆಯ ಒಬ್ಬ ಮುಂದಿನ ತಿಂಗಳು ಯಲಬುರ್ಗಾಕ್ಕೆ ಬರುವವನಿದ್ದನಂತೆ. ಅವನಿಗೆ ಹೇಳಲು ಮರೆಯಬಾರದು ಅಂತ ಬರೆದಿಟ್ಟದ್ದು.